ಮಳೆಗಾಲದ 20ನೇ ತಾರೀಖು: ಕರೆಂಟು, ನೆಟ್ಟು ಎರಡೂ ಹೋದಾಗ ನಮ್ಮ ಜಿಎಸ್‌ಟಿ ಆಫೀಸು ನಡೆದ ಬಗೆ

ಶಿರಸಿ ಸುತ್ತಮುತ್ತ ಜುಲೈ ಮಳೆ ಜೋರಾಗಿ ಹಿಡಿದರೆ ಮರ ಬಿದ್ದು ಕರೆಂಟು ಹೋಗುವುದು ಹೊಸತೇನಲ್ಲ. ಆದರೆ ಕಕ್ಷಿದಾರರ ಪರವಾಗಿ ಪ್ರತಿ ತಿಂಗಳು 11ಕ್ಕೆ ಮಾರಾಟದ ವಿವರದ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಲೆಕ್ಕದ 3ಬಿ ರಿಟರ್ನು ನಾವು ಹಾಕಲೇಬೇಕು. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ ದಂಡ, ಕಟ್ಟದ ತೆರಿಗೆಗೆ ವರ್ಷಕ್ಕೆ ಶೇ. 18ರ ಬಡ್ಡಿ. ಆರು ಜನರ ಆಫೀಸು, ನೂರು ಚಿಲ್ಲರೆ ಕಕ್ಷಿದಾರರು. ಜನರೇಟರ್ ಇಲ್ಲದೆ ಆಗದು ಎಂದು ಈ ಕಸುಬಿನವರೆಲ್ಲ ಹೇಳಿದ್ದರು. 5 ಕೆವಿಎ ಡೀಸೆಲ್ ಸೆಟ್ಟಿಗೆ ಆಗ ಹೇಳಿದ ದರ 90 ಸಾವಿರದ ಹತ್ತಿರ. ಅದನ್ನು ತರದೆ ಎರಡು ಮಳೆಗಾಲ ಒಂದು ರಿಟರ್ನೂ ತಪ್ಪದಂತೆ ಕಳೆದಿದ್ದೇವೆ, ಅದಕ್ಕೇ ಈ ಬರಹ.

ಮೊದಲ ವರ್ಷ ಸೋತದ್ದು ಇನ್ವರ್ಟರಿನಲ್ಲಿ. 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ ಒಂದು, ಸೈನ್‌ವೇವ್ ಇನ್ವರ್ಟರ್ ಒಂದು, ಎರಡೂ ಸೇರಿ 25 ಸಾವಿರದ ಆಸುಪಾಸು. ಲೆಕ್ಕದಲ್ಲಿ ಬ್ಯಾಟರಿ 1800 ವ್ಯಾಟ್-ಅವರ್. ಇನ್ವರ್ಟರ್ ತಿನ್ನುವುದನ್ನು ಕಳೆದು, ಬ್ಯಾಟರಿ ಪೂರ್ತಿ ಬಸಿಯಬಾರದು ಎಂದು ಸ್ವಲ್ಪ ಉಳಿಸಿದರೆ ಕೈಗೆ ಸಿಗುವುದು ಸಾವಿರ, ಸಾವಿರದ ನೂರು. ಆರು ಡೆಸ್ಕ್‌ಟಾಪು, ಮೂರು ಫ್ಯಾನು ಸೇರಿ 900 ವ್ಯಾಟ್ ಎಳೆಯುತ್ತಿದ್ದವು. ಅಷ್ಟು ಜೋರಾಗಿ ಎಳೆದರೆ ಬ್ಯಾಟರಿ ಲೆಕ್ಕಕ್ಕಿಂತ ಮೊದಲೇ ಕೂರುತ್ತದೆ, ಒಂದು ಗಂಟೆಯೂ ಬರಲಿಲ್ಲ.

ಅದಕ್ಕಿಂತ ಕೆಟ್ಟದ್ದು ಗೊತ್ತಾಗಲು ಎರಡು ತಿಂಗಳು ಹಿಡಿಯಿತು. ಡೆಸ್ಕ್‌ಟಾಪು ರೀಸ್ಟಾರ್ಟ್ ಆಗಬಾರದೆಂದು ಇನ್ವರ್ಟರಿನ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಇಟ್ಟಿದ್ದೆವು. ಆ ಮೋಡಿನಲ್ಲಿ ವೋಲ್ಟೇಜು 180ರ ಆಸುಪಾಸಿಗಿಂತ ಕೆಳಗಿಳಿದರೆ ಅದು ಲೈನನ್ನೇ ಬಿಟ್ಟು ಬ್ಯಾಟರಿ ಹಿಡಿಯುತ್ತದೆ. ನಮ್ಮಲ್ಲಿ ಸಂಜೆ ಹೊತ್ತು 165, 170 ಬರುತ್ತಿತ್ತು. ದೀಪ ಉರಿಯುತ್ತಿದೆ, ಕರೆಂಟು ಇದೆ ಎಂದು ನಾವು ತಿಳಿದಿದ್ದಾಗಲೇ ಬ್ಯಾಟರಿ ಖಾಲಿಯಾಗುತ್ತಿತ್ತು, ಚಾರ್ಜೂ ಆಗುತ್ತಿರಲಿಲ್ಲ. ಗುರುತು ಸುಲಭ: ಕರೆಂಟಿದ್ದಾಗಲೂ ಇನ್ವರ್ಟರಿನ ಮೇನ್ಸ್ ದೀಪ ಆರಿರುತ್ತದೆ, ಟ್ರಾನ್ಸ್‌ಫಾರ್ಮರ್ ಗುಂಯ್ ಎನ್ನುತ್ತಿರುತ್ತದೆ.

ಆಗ ಹೊಳೆದದ್ದು ಇಷ್ಟು: ಕರೆಂಟು ಹೆಚ್ಚಿಸುವ ಬದಲು ಬಳಕೆ ಇಳಿಸಬೇಕು. ಡೆಸ್ಕ್‌ಟಾಪು ಮಾರಿ, ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪು ತಂದೆವು, ಒಂದಕ್ಕೆ 18ರಿಂದ 20 ಸಾವಿರ. ಹಳೆಯದನ್ನು ಮಾರಿದ್ದು ಕಳೆದು 75 ಸಾವಿರ ಕೈಬಿಟ್ಟಿತು. ಈಗ ಎಲ್ಲಾ ಸೇರಿ 300 ವ್ಯಾಟ್, ಬ್ಯಾಟರಿ ಮೂರೂವರೆ ಗಂಟೆ ಬರುತ್ತದೆ. ಅದರ ಮೇಲೆ ಲ್ಯಾಪ್‌ಟಾಪಿನ ಸ್ವಂತ ಬ್ಯಾಟರಿ ಒಂದೂವರೆ ಗಂಟೆ. ಕರೆಂಟು ಹೋಗಿ ಇನ್ವರ್ಟರ್ ಹಿಡಿಯುವ ನಡುವಿನ ಕ್ಷಣಕ್ಕೆ ಲ್ಯಾಪ್‌ಟಾಪು ಅಲುಗುವುದಿಲ್ಲ, ಹಾಗಾಗಿ ಇನ್ವರ್ಟರನ್ನು ನಾರ್ಮಲ್ ಮೋಡಿಗೆ ಹಾಕಿದೆವು. ಕಡಿಮೆ ವೋಲ್ಟೇಜಿನಲ್ಲೂ ಅದು ಲೈನನ್ನು ಬಿಡುವುದಿಲ್ಲ. ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶದ ಡೇಟಾ ಇರುವ ಸರ್ವರ್ ಕೂಡ ಒಂದು ಲ್ಯಾಪ್‌ಟಾಪೇ. ಬರೆಯುವ ಹೊತ್ತಿಗೆ ಕರೆಂಟು ಹೋಗಿ ಡೇಟಾ ಕೆಡುವ ಕಾಟ ಅಲ್ಲಿಗೆ ನಿಂತಿತು. ಲೇಸರ್ ಪ್ರಿಂಟರ್ ಮಾತ್ರ ಇನ್ವರ್ಟರ್ ಲೈನಿನಲ್ಲಿ ಬೇಡ. ಕಾಯುವಾಗ ಒಮ್ಮೆಲೇ ಸಾವಿರ ವ್ಯಾಟ್ ಎಳೆದು ಓವರ್‌ಲೋಡ್ ಮಾಡಿಬಿಡುತ್ತದೆ.

ನಡುವೆ ಸೋಲಾರನ್ನೂ ನೋಡಿದೆವು. 330 ವ್ಯಾಟಿನ ಪ್ಯಾನೆಲ್ಲು ಜುಲೈ ಮೋಡದಲ್ಲಿ 40, 50 ದಾಟಲಿಲ್ಲ. ಬೇಸಿಗೆಗೆ ಒಳ್ಳೆಯದು, ಆದರೆ ನಮಗೆ ಬೇಕಾದ ತಿಂಗಳಲ್ಲಿ ಕೈಕೊಟ್ಟಿತು.

ನೆಟ್ಟಿನ ಕಥೆ ಬೇರೆ. ಎರಡು ಕಂಪನಿಯ ಫೈಬರ್ ತೆಗೆದುಕೊಂಡಿದ್ದೆವು, ಒಂದು ಹೋದರೆ ಇನ್ನೊಂದು ಇರಲೆಂದು. ಒಂದೇ ಕೊಂಬೆ ಬಿದ್ದು ಎರಡೂ ಹೋದವು. ಆಮೇಲೆ ವೈರಿನ ಜಾಡು ಹಿಡಿದು ನಡೆದು ನೋಡಿದರೆ ಎರಡೂ ಅದೇ ಕಂಬಗಳ ಮೇಲೆ. ಎರಡನೆಯದನ್ನು ಬಿಟ್ಟು 4ಜಿ ಸಿಮ್ಮಿನ ರೂಟರ್ ಇಟ್ಟೆವು. ಸಿಮ್ಮು ಕೊಳ್ಳುವ ಮೊದಲು ಕರೆಂಟು ಹೋಗಿ ಮೂರು ಗಂಟೆಯಾದ ಮೇಲೆ ಯಾವ ಟವರ್ ಬದುಕಿರುತ್ತದೆ ಎಂದು ನೋಡಿ, ಕರೆಂಟಿದ್ದಾಗಿನ ಸ್ಪೀಡು ನೋಡಿ ಉಪಯೋಗವಿಲ್ಲ. ಯಾವ ಟವರಿಗೆ ಡೀಸೆಲ್ ಬರುತ್ತದೆಂದು ಮೊದಲೇ ತಿಳಿಯುವ ದಾರಿ ನನ್ನಲ್ಲೂ ಇಲ್ಲ.

ಫೈಬರ್ ಡಬ್ಬಿಗೂ ರೂಟರಿಗೂ 12 ವೋಲ್ಟಿನ ಚಿಕ್ಕ ಡಿಸಿ ಯುಪಿಎಸ್ ಸಾಕು, ಒಂದಕ್ಕೆ ಒಂದೂವರೆ ಸಾವಿರ. ಅಡಾಪ್ಟರಿನ ಮೇಲೆ ಬರೆದ ಆಂಪಿಯರ್ ನೋಡಿಯೇ ಕೊಳ್ಳಿ. ಡಬ್ಬಿಯಲ್ಲಿ `LOS` ದೀಪ ಕೆಂಪಾದರೆ ಬೆಳಕೇ ಬರುತ್ತಿಲ್ಲ: ವೈರು ತುಂಡಾಗಿದೆ, ಇಲ್ಲವೇ ಆಪರೇಟರ್ ಕಡೆಯ ಪೆಟ್ಟಿಗೆಗೆ ಕರೆಂಟಿಲ್ಲ. ಊರಿಡೀ ಕತ್ತಲಿದ್ದರೆ ಎರಡನೆಯದೇ ಹೆಚ್ಚು. `PON` ದೀಪ ಸ್ಥಿರವಾಗಿದ್ದೂ ನೆಟ್ಟಿಲ್ಲದಿದ್ದರೆ ತೊಂದರೆ ಇನ್ನೂ ಮೇಲೆ. ನಿಮ್ಮ ರೂಟರಿಗೆ ಅದು ಗೊತ್ತಾಗುವುದೇ ಇಲ್ಲ, ಪಕ್ಕದ ಡಬ್ಬಿ ಜೀವಂತ ಇರುವ ತನಕ ಅದನ್ನೇ ನಂಬಿರುತ್ತದೆ. ಅದಕ್ಕೆ ಹೊರಗಿನ ವಿಳಾಸವೊಂದನ್ನು ಪಿಂಗ್ ಮಾಡಿಸಬೇಕು. ನಮ್ಮ ಮೈಕ್ರೋಟಿಕ್ ರೂಟರಿನ ತಂತ್ರಾಂಶದ ಏಳನೇ ಆವೃತ್ತಿಯಲ್ಲಿ ನಾವು ಹಾಕಿದ್ದು:

```
/ip route
add dst-address=8.8.8.8/32 gateway=192.168.1.1 scope=10
add gateway=8.8.8.8 distance=1 target-scope=11 check-gateway=ping
add gateway=192.168.8.1 distance=2
```

ಮೊದಲ ವಿಳಾಸ ಫೈಬರಿನದು, ಕೊನೆಯದು 4ಜಿಯದು. ಸುಮಾರು 20 ಸೆಕೆಂಡಿನಲ್ಲಿ ದಾರಿ ಬದಲಾಗುತ್ತದೆ. `8.8.8.8` ಅನ್ನು ಡಿಎನ್‌ಎಸ್ ಆಗಿ ಇಡಲೇಬೇಡಿ. ಅದು ಫೈಬರಿಗೆ ಕಟ್ಟಿಹಾಕಿದ ವಿಳಾಸ, ಫೈಬರ್ ಸತ್ತಾಗ ಹೆಸರು ಹುಡುಕುವುದೇ ನಿಂತು, 4ಜಿ ಚೆನ್ನಾಗಿದ್ದೂ ಪುಟ ತೆರೆಯುವುದಿಲ್ಲ. ಒಂದು ಮಧ್ಯಾಹ್ನ ಪೂರ್ತಿ ಇದಕ್ಕೇ ಹೋಯಿತು.

ಇಷ್ಟಾದರೂ ಎರಡನೇ ದಿನಕ್ಕೆ ಎಲ್ಲವೂ ಸಾಯುತ್ತದೆ. 150 ಎಎಚ್ ತುಂಬಲು ಹತ್ತು ಹನ್ನೆರಡು ಗಂಟೆ ಬೇಕು, ನಡುವೆ ಎರಡು ಗಂಟೆ ಬಂದು ಹೋಗುವ ಕರೆಂಟು ಸಾಲದು. ಹಾಗಾಗಿ ನೆಟ್ಟು ಬೇಕಾದ ಕೆಲಸವನ್ನೇ ನಿಮಿಷಕ್ಕೆ ಇಳಿಸಿದೆವು. ಇದೇ ಇಡೀ ಯೋಜನೆಯ ಜೀವ. ಬಿಲ್ಲು 3ನೇ ತಾರೀಖಿಗೆ ಕೈಗೆ ಬರಬೇಕು, ಜಿಎಸ್‌ಟಿಆರ್-1ರ ಜೇಸನ್ ಕಡತ 8ರೊಳಗೆ ಟ್ಯಾಲಿಯಿಂದ ತಯಾರಿರಬೇಕು, 3ಬಿ ಲೆಕ್ಕ 16ಕ್ಕೆ ಮುಗಿಯಬೇಕು. ಉಳಿಯುವುದು ಅಪ್‌ಲೋಡು, ಚಲನ್ನು, ಓಟಿಪಿ. ಒಬ್ಬ ಕಕ್ಷಿದಾರರಿಗೆ ಹತ್ತು ನಿಮಿಷ, ಅದೂ ಬೆಳಿಗ್ಗೆ ಆರಕ್ಕೆ, 4ಜಿ ಖಾಲಿ ಇರುವಾಗ. ಓಟಿಪಿ ಹೋಗುವುದು ಕಕ್ಷಿದಾರರ ಮೊಬೈಲಿಗೂ ಮೇಲ್‌ಗೂ. ಅವರ ಹಳ್ಳಿಯಲ್ಲಿ ಟವರ್ ಸತ್ತಿದ್ದರೆ ನಮ್ಮ ಎಲ್ಲಾ ತಯಾರಿ ನೀರುಪಾಲು. ಅಂಥವರ ಪಟ್ಟಿ ಬೇರೆ ಮಾಡಿ ಮೊದಲು ಮುಗಿಸುತ್ತೇವೆ.

ವ್ಯವಹಾರವೇ ಇಲ್ಲದ ತಿಂಗಳಿನ 3ಬಿಗೆ ಡೇಟಾ ಬೇಕಿಲ್ಲ, ನೋಂದಾಯಿತ ಮೊಬೈಲಿನಿಂದ 14409ಕ್ಕೆ ಎಸ್ಎಂಎಸ್ ಸಾಕು. ಜುಲೈ 2024ರದ್ದಾದರೆ ಹೀಗೆ, ನಡುವೆ ಜಿಎಸ್‌ಟಿಐಎನ್ ಹಾಕಿ:

```
NIL 3B <GSTIN> 072024
CNF 3B <6-digit code>
```

ಮೊದಲನೆಯದಕ್ಕೆ ಬಂದ ಆರಂಕಿಯ ಕೋಡನ್ನು 30 ನಿಮಿಷದೊಳಗೆ ಎರಡನೆಯದರಲ್ಲಿ ಕಳಿಸಬೇಕು.

ಗೋಡೆಯ ಮೇಲೆ ಒಂದೇ ಹಾಳೆ ಅಂಟಿಸಿದ್ದೇವೆ. ಕರೆಂಟು ಹೋಗಿ ಅರ್ಧ ಗಂಟೆಯಾದರೆ ಫ್ಯಾನ್ ಬಂದ್. ಎರಡು ಗಂಟೆಯಾದರೆ ಮೂರು ಲ್ಯಾಪ್‌ಟಾಪು ಮಾತ್ರ. 18ರ ಸಂಜೆಗೂ ಕರೆಂಟು ಬಾರದಿದ್ದರೆ ಒಬ್ಬರು ತಯಾರಾದ ಕಡತಗಳೊಂದಿಗೆ ಹುಬ್ಬಳ್ಳಿಯ ಸ್ನೇಹಿತರ ಆಫೀಸಿಗೆ ಮೊದಲ ಬಸ್ಸು ಹಿಡಿಯುವುದು. ಡೇಟಾದ ಒಂದು ನಕಲು ಪ್ರತಿ ರಾತ್ರಿ ಪಾಸ್‌ವರ್ಡಿನ ಬೀಗ ಹಾಕಿಸಿಕೊಂಡು ಅಲ್ಲಿಗೆ ಹೋಗಿರುತ್ತದೆ. ಡಿಜಿಟಲ್ ಸಹಿಯ ಟೋಕನ್ನು ಮಾತ್ರ ಒಯ್ಯುವುದಿಲ್ಲ, ಅದು ಕಕ್ಷಿದಾರರ ಕೈಯಲ್ಲೇ ಇರಬೇಕಾದದ್ದು. ಸಹಿ ಬೇಕಾದ ಕಂಪನಿಗಳದ್ದು 17ಕ್ಕೇ ಮುಗಿದಿರುತ್ತದೆ.

ತಿಂಗಳಿಗೊಂದು ಬುಧವಾರ ಹನ್ನೊಂದು ಗಂಟೆಗೆ, ಯಾರಿಗೂ ಹೇಳದೆ ಮೇನ್ ಸ್ವಿಚ್ ಇಳಿಸುತ್ತೇವೆ. ಮೊದಲ ಸಲ ಎಲ್ಲಾ ಲ್ಯಾಪ್‌ಟಾಪು ಉರಿಯುತ್ತಿದ್ದೂ ಯಾರಿಗೂ ಟ್ಯಾಲಿ ತೆರೆಯಲಿಲ್ಲ. ಕಪಾಟಿನ ಹಿಂದಿದ್ದ ಎಂಟು ಪೋರ್ಟಿನ ನೆಟ್‌ವರ್ಕ್ ಸ್ವಿಚ್ಚು ನೇರ ಲೈನಿನಲ್ಲಿತ್ತು. ಅದನ್ನು ಇನ್ವರ್ಟರ್ ಲೈನಿಗೆ ತಿರುಗಿಸಲು ಎಲೆಕ್ಟ್ರಿಷಿಯನ್ ತೆಗೆದುಕೊಂಡದ್ದು 200 ರೂಪಾಯಿ.