ಟಾನ್ಸಿಲ್ ಕಲ್ಲು: ಆಪರೇಷನ್‌ಗೆ ಮೊದಲು ಎರಡು ವಾರ ಹೀಗೆ ಮಾಡಿ

ಜಯನಗರದಲ್ಲಿರುವ ನನ್ನ ಚಿಕ್ಕಮ್ಮನ ಮಗನಿಗೆ 29 ವರ್ಷ. ಮೆಟ್ರೋದಲ್ಲಿ ಪಕ್ಕದವರು ಮುಖ ತಿರುಗಿಸಿದರೆ ಸಾಕು, ತನ್ನ ಬಾಯಿ ವಾಸನೆಗೇ ಅಂದುಕೊಳ್ಳುತ್ತಿದ್ದ. ಒಂದು ದಿನ ಕೆಮ್ಮಿದಾಗ ಅಕ್ಕಿಕಾಳಿನಷ್ಟು ಬಿಳಿ ಚೂರು ಹೊರಬಿತ್ತು. ಹಿಸುಕಿ ಮೂಸಿದರೆ ಕೊಳೆತ ಮೊಟ್ಟೆ ವಾಸನೆ! ಹೋಗಿ ತೋರಿಸಿದ ಡಾಕ್ಟರು, ‘ಎರಡೂ ಟಾನ್ಸಿಲ್ ತೆಗೆದುಬಿಡೋಣ’ ಎಂದರಂತೆ.

ಟಾನ್ಸಿಲ್‌ನ ಮೈ ನುಣುಪಾಗಿಲ್ಲ, ಅದರಲ್ಲಿ ಆಳವಾದ ಗುಳಿಗಳಿವೆ. ಆಹಾರದ ಚೂರು, ಸತ್ತ ಜೀವಕೋಶ, ಬ್ಯಾಕ್ಟೀರಿಯಾ ಅಲ್ಲಿ ಸೇರಿಕೊಂಡು, ಸುಣ್ಣದಂಶ ಕೂತು ಗಟ್ಟಿಯಾಗುತ್ತವೆ. ಅದೇ ಕಲ್ಲು. ಗಾಳಿ ಬೇಡದ ಬ್ಯಾಕ್ಟೀರಿಯಾಗಳು ಬಿಡುವ ಗಂಧಕದ ಅನಿಲವೇ ಆ ವಾಸನೆ. ಆದರೆ ಬಾಯಿ ವಾಸನೆ ಹೆಚ್ಚಾಗಿ ಹುಟ್ಟುವುದು ನಾಲಿಗೆಯ ಹಿಂಭಾಗದಲ್ಲಿ, ವಸಡಿನಲ್ಲಿ. ಕಲ್ಲು ಕಂಡಿತೆಂದು ತಪ್ಪೆಲ್ಲ ಅದರದ್ದೇ ಅನ್ನಬಾರದು.

ಮೊದಲ ವಾರ ಟಾನ್ಸಿಲ್ ಮುಟ್ಟಬೇಡಿ. ಬೆಳಿಗ್ಗೆ, ರಾತ್ರಿ ನಾಲಿಗೆಯ ಹಿಂಭಾಗದವರೆಗೆ ಟಂಗ್ ಕ್ಲೀನರ್ ಎಳೆಯಿರಿ, ಹಲ್ಲಿನ ಸಂದಿಗೆ ಫ್ಲಾಸ್ ಹಾಕಿ. ವಸಡಿನಲ್ಲಿ ರಕ್ತ ಬಂದರೆ ದಂತವೈದ್ಯರಿಗೆ ತೋರಿಸಿ. ನಮ್ಮ ವಾಸನೆ ನಮಗೆ ಸರಿಯಾಗಿ ತಿಳಿಯುವುದಿಲ್ಲ. ಹಾಗಾಗಿ ದಿನವೂ ಒಂದೇ ಹೊತ್ತಿಗೆ ಮನೆಯವರೊಬ್ಬರನ್ನು ಕೇಳಿ ಬರೆದಿಡಿ.

ಎರಡನೇ ವಾರ ಇದೆಲ್ಲದರ ಜೊತೆಗೆ ಟಾನ್ಸಿಲ್ ಕಡೆ ಬನ್ನಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ, ಊಟವಾದ ಮೇಲೆ ಗಂಟಲಲ್ಲಿ ಗಳಗಳ ಅನ್ನುವಂತೆ ಮುಕ್ಕಳಿಸಿ. ಕಲ್ಲು ಕಣ್ಣಿಗೆ ಕಂಡರೆ ಮಾತ್ರ, ಕನ್ನಡಿ ಮುಂದೆ ಒದ್ದೆ ಮಾಡಿದ ಇಯರ್ ಬಡ್‌ನಿಂದ ಅದರ ಪಕ್ಕ ಮೆಲ್ಲಗೆ ಒತ್ತಿ. ವಾಕರಿಕೆ ಬಂದರೆ ಬಿಟ್ಟುಬಿಡಿ. ಪಿನ್ನು, ಟೂತ್‌ಪಿಕ್ ಬೇಡವೇ ಬೇಡ; ಟಾನ್ಸಿಲ್‌ಗೆ ರಕ್ತ ಹರಿವು ಜಾಸ್ತಿ.

ನಮ್ಮ ಹುಡುಗನಿಗೆ ಮೊದಲ ವಾರದ ಕೊನೆಗೇ ಚಿಕ್ಕಮ್ಮ ‘ಈಗ ವಾಸನೆ ಇಲ್ಲ ಕಣೋ’ ಎಂದರು. ಕಲ್ಲು ಅಲ್ಲೇ ಇತ್ತು! ವಾಸನೆಯ ಮೂಲ ನಾಲಿಗೆಯಾಗಿತ್ತು. ಟಾನ್ಸಿಲ್ ತೆಗೆಸಿದ್ದರೆ ಸುಮ್ನೆ ಗಂಟಲು ಕೊಯ್ಯಿಸಿಕೊಂಡಂತಾಗುತ್ತಿತ್ತು.

ಹಾಗಾದರೆ ಆಪರೇಷನ್ ಎಂದೂ ಬೇಡವೇ? ಬೇಕಾಗುವುದುಂಟು. ಕಲ್ಲು ತೆಗೆದಾಗಲೆಲ್ಲ ವಾಸನೆ ಹೋಗಿ, ತುಂಬಿದಾಗ ಮರಳಿ, ತಿಂಗಳುಗಟ್ಟಲೆ ಹೀಗೇ ಕಾಡಿದರೆ ಮಾತಾಡಬಹುದು. ಟಾನ್ಸಿಲ್ ಸೋಂಕು ವರ್ಷಕ್ಕೆ 7 ಸಲ, ಅಥವಾ ಸತತ ಎರಡು ವರ್ಷ ವರ್ಷಕ್ಕೆ 5 ಸಲ, ಇಲ್ಲವೇ ಸತತ ಮೂರು ವರ್ಷ ವರ್ಷಕ್ಕೆ 3 ಸಲ ಬಂದಿದ್ದರೂ ಅಷ್ಟೇ. ಆದರೆ ದೊಡ್ಡವರಿಗೆ ಇದು ಸಣ್ಣ ಆಪರೇಷನ್ ಅಲ್ಲ. ನೋವು 10ರಿಂದ 14 ದಿನ. ಹೆಪ್ಪು ಉದುರುವ 5ರಿಂದ 10ನೇ ದಿನದ ನಡುವೆ ರಕ್ತ ಸುರಿದು ಮತ್ತೆ ಆಸ್ಪತ್ರೆಗೆ ಓಡುವವರಿದ್ದಾರೆ. ಗುಳಿಗಳನ್ನಷ್ಟೇ ಲೇಸರ್‌ನಿಂದ ಸಪಾಟು ಮಾಡುವ ದಾರಿಯೂ ಇದೆ, ಕೆಲವರಿಗೆ ಮತ್ತೊಮ್ಮೆ ಮಾಡಬೇಕಾಗುತ್ತದೆ.

ಒಂದೇ ಕಡೆಯ ಟಾನ್ಸಿಲ್ ದೊಡ್ಡದಾಗಿದ್ದರೆ, ಉಗುಳಿನಲ್ಲಿ ರಕ್ತ ಕಂಡರೆ, ಕಿವಿಗೆ ನೋವು ಹರಿದರೆ, ಕುತ್ತಿಗೆಯಲ್ಲಿ ಗಂಟು ಸಿಕ್ಕರೆ ಈ ಎರಡು ವಾರದ ಲೆಕ್ಕ ಬಿಟ್ಟು ಬೇಗ ಇಎನ್‌ಟಿ ಡಾಕ್ಟರ ಬಳಿ ಹೋಗಿ.