ಕವರ್ ಲೆಟರ್ ಎಐ ಬರೆದಿದ್ದಾ? ಮೊದಲು ಒಂದು ಫೋನ್ ಮಾಡಿ

ವಸಂತನರಸಾಪುರದ ನಮ್ಮ ಚಿಕ್ಕ ಯೂನಿಟ್‌ಗೆ ಕ್ವಾಲಿಟಿ ಇನ್‌ಸ್ಪೆಕ್ಟರ್ ಬೇಕಿತ್ತು. ಅರವತ್ತು ಅರ್ಜಿ ಬಂದವು. ಅರ್ಧಕ್ಕರ್ಧ ಕವರ್ ಲೆಟರ್‌ಗಳಲ್ಲಿ ಒಂದೇ ಧಾಟಿಯ ನುಣುಪಾದ ಇಂಗ್ಲಿಷ್. ಎಲ್ಲವನ್ನೂ ಎಐ ಡಿಟೆಕ್ಟರ್‌ಗೆ ಹಾಕಿ ಕೆಂಪು ಬಂದವನ್ನು ತೆಗೆದುಬಿಡೋಣ ಅಂತ ನನಗೂ ಅನ್ನಿಸಿತ್ತು.

ಆ ಕೆಲಸ ಮಾಡಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಒಂದು ಡಿಟೆಕ್ಟರ್ ಬಿಟ್ಟು, ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಅದೇ ಜುಲೈನಲ್ಲಿ ವಾಪಸ್ ತೆಗೆದುಕೊಂಡಿತು. ಅವರೇ ಕೊಟ್ಟ ಲೆಕ್ಕದಲ್ಲಿ ಅದು ಎಐ ಬರಹದಲ್ಲಿ ನೂರಕ್ಕೆ 26 ಹಿಡಿಯುತ್ತಿತ್ತು, ಮನುಷ್ಯರು ಬರೆದಿದ್ದರಲ್ಲಿ ನೂರಕ್ಕೆ 9 ತಪ್ಪಾಗಿ ಹಿಡಿಯುತ್ತಿತ್ತು. ನಮ್ಮ ಅರವತ್ತರಲ್ಲಿ ಇಪ್ಪತ್ತು ಎಐದು ಅಂದುಕೊಳ್ಳಿ: ಸಿಕ್ಕಿಬೀಳುವುದು ಸುಮಾರು ಐದು, ಜೊತೆಗೆ ತಾವೇ ಕೂತು ಬರೆದ ನಾಲ್ಕು ಜನರೂ ಸುಮ್ನೆ ಔಟ್. ಈಗಿನವು ಇದಕ್ಕಿಂತ ವಾಸಿ ಇರಬಹುದು, ಆದರೆ ಮುಂದಿನ ಪದ ಎಷ್ಟು ಸುಲಭವಾಗಿ ಊಹಿಸಬಹುದು ಅನ್ನೋದನ್ನು ಅವುಗಳಲ್ಲಿ ಕೆಲವು ಅಳೆಯುತ್ತವೆ. ಕನ್ನಡ ಮೀಡಿಯಂನಲ್ಲಿ ಓದಿ, ಗೊತ್ತಿರುವ ನಾಲ್ಕು ಪದದಲ್ಲಿ ಜಾಗ್ರತೆಯಾಗಿ ಇಂಗ್ಲಿಷ್ ಬರೆಯುವವರ ವಾಕ್ಯಗಳೂ ಹಾಗೇ ಇರುತ್ತವೆ ಅಲ್ವಾ? ಉದ್ದ ಡ್ಯಾಶ್, ತಪ್ಪಿಲ್ಲದ ಗ್ರಾಮರ್ ನೋಡಿ ತೀರ್ಮಾನಿಸುವುದೂ ಇಷ್ಟೇ ದಂಡ.

ನಂಬಬಹುದಾದ ಗುರುತು ಕಡಿಮೆ. ಮೊದಲನೆಯದು ಅಳಿಸಲು ಮರೆತ ಜಾಗ. ಒಬ್ಬರ ಪತ್ರದಲ್ಲಿ ನಮ್ಮ ಹೆಸರಿರಬೇಕಾದ ಕಡೆ ಚೌಕ ಕಂಸದೊಳಗೆ ‘ಕಂಪನಿ ಹೆಸರು’ ಅಂತಲೇ ಇತ್ತು. ಆದರೆ ಇದೂ ಓದದೆ ಕಳಿಸಿದ್ದಾರೆ ಅನ್ನೋದಕ್ಕೆ ಸಾಕ್ಷಿ ಅಷ್ಟೆ, ಸೈಬರ್ ಸೆಂಟರ್‌ನ ಹಳೇ ಮಾದರಿಯಲ್ಲೂ ಹೀಗಾಗುತ್ತದೆ. ಎರಡನೆಯದೇ ಗಟ್ಟಿ: ಪತ್ರದಲ್ಲಿರುವ ಒಂದೇ ಒಂದು ಕೆಲಸವನ್ನು ಗುರುತು ಹಾಕಿಕೊಂಡು, ರೆಸ್ಯೂಮೆಯಲ್ಲೂ ಅದಿದೆಯಾ ನೋಡಿ, ಹತ್ತು ನಿಮಿಷ ಫೋನ್‌ನಲ್ಲಿ ಅದನ್ನೇ ಕೆದಕುವುದು.

‘ರಿಜೆಕ್ಷನ್ 30% ಇಳಿಸಿದೆ’ ಅಂತ ಇಬ್ಬರು ಬರೆದಿದ್ದರು. ಯಾವ ಪಾರ್ಟ್, ಯಾವ ಗೇಜ್, ರಿಜೆಕ್ಷನ್ ಯಾಕೆ ಬರ್ತಿತ್ತು ಅಂತ ಕೇಳಿದೆ. ಮೊದಲನೆಯವರು ‘ಟೀಮ್ ವರ್ಕ್ ಸರ್’ ಅಂದರು. ಮತ್ತೆ ಕೇಳಿದೆ, ಮತ್ತೆ ಅದೇ. ಎರಡನೆಯವರು ಶಿರಾ ಕಡೆಯ ಹುಡುಗಿ. ‘ಬುಷ್ ಸರ್. ಟೂಲ್ ಸವೆದು ಸೆಕೆಂಡ್ ಶಿಫ್ಟ್ ಹೊತ್ತಿಗೆ ಬೋರ್ ಚಿಕ್ಕದಾಗ್ತಿತ್ತು. ಶಿಫ್ಟ್‌ಗೆ ಒಂದ್ಸಲ ನೋಡ್ತಿದ್ದದ್ದನ್ನ ಗಂಟೆಗೆ ಐದು ಪೀಸ್ ಬೋರ್ ಗೇಜ್ ಹಾಕೋ ಹಾಗೆ ಮಾಡಿದ್ವಿ’ ಅಂದರು. ಪುಸ್ತಕ ಓದಿಯೂ ಇದನ್ನು ಹೇಳಬಹುದು, ಹಾಗಾಗಿ ಇಂಟರ್‌ವ್ಯೂಗೆ ಬಂದಾಗ ಕೈಗೆ ಗೇಜ್ ಕೊಟ್ಟೆ. ಹೇಳುವ ಮೊದಲೇ ಮಾಸ್ಟರ್ ರಿಂಗ್ ಕೇಳಿ ಝೀರೋ ಸೆಟ್ ಮಾಡಿಕೊಂಡರು.

ಹೊರಡುವಾಗ ಲೆಟರ್ ಯಾರು ಬರೆದರು ಅಂತ ಕೇಳಿದೆ. ‘ನಾನ್ ಕನ್ನಡದಲ್ಲಿ ಬರ್ದೆ, ಇಂಗ್ಲಿಷ್ ಎಐ ಮಾಡ್ತು ಸರ್’ ಅಂದರು.