ಇಂಟರ್ನ್‌ಶಿಪ್ ಮುಗಿಯುವ ಐದು ವಾರ ಮೊದಲು ರಿಕ್ರೂಟರ್‌ಗೆ ಹಾಕಿದ ಮೇಲ್

ಎಂಟನೇ ಸೆಮಿಸ್ಟರ್‌ನ ನನ್ನ ಇಂಟರ್ನ್‌ಶಿಪ್ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯ ಟೆಸ್ಟಿಂಗ್ ತಂಡದಲ್ಲಿತ್ತು, ಜನವರಿ 13ರಿಂದ ಜುಲೈ 11ರವರೆಗೆ. ಫುಲ್‌ಟೈಮ್ ಮಾಡಿಕೊಳ್ಳುತ್ತೀರಾ ಎಂದು ರಿಕ್ರೂಟರ್‌ಗೆ ಬರೆದದ್ದು ಜೂನ್ 3ರಂದು. ಕೊನೆಯ ವಾರದಲ್ಲಿ ಕೇಳಿದರೆ ತಡವಾಗುತ್ತದೆ. ಇಂಟರ್ನ್‌ನಿಂದ ಫುಲ್‌ಟೈಮ್ ಆಗುವ ಈ ಕನ್ವರ್ಶನ್‌ಗೆ ಮ್ಯಾನೇಜರ್‌ ಫೀಡ್‌ಬ್ಯಾಕ್ ಒಳ್ಳೆಯದಿದ್ದರಷ್ಟೇ ಸಾಲದು, ಆ ತಂಡಕ್ಕೆ ಹೆಡ್‌ಕೌಂಟ್, ಅಂದರೆ ಮಂಜೂರಾದ ಸೀಟು ಇರಬೇಕು. ಎರಡೂ ರಿಕ್ರೂಟರ್ ಕೈಯಲ್ಲಿಲ್ಲ. ಫೈಲ್ ಎಲ್ಲಿ ನಿಂತಿದೆ ಎಂದು ಹೇಳುವುದು, ಆಫರ್ ಲೆಟರ್ ಹೊರಡಿಸುವುದು ಅವರ ಕೆಲಸ. ‘ನನ್ನನ್ನು ತೆಗೆದುಕೊಳ್ಳಿ’ ಎಂದು ಅವರಲ್ಲಿ ಬೇಡಿಕೊಂಡರೆ ಅವರಾದರೂ ಏನು ಮಾಡಿಯಾರು? ಅವರು ಉತ್ತರಿಸಬಲ್ಲದ್ದನ್ನೇ ಕೇಳಬೇಕು.

ಅದಕ್ಕೆ ಮೊದಲು ಮ್ಯಾನೇಜರ್ ಹತ್ತಿರ ಎರಡು ಮಾತು: “ಸರ್, ಕನ್ವರ್ಶನ್ ಬಗ್ಗೆ ಎಚ್‌ಆರ್‌ಗೆ ಬರೆಯಲಾ? ಫೀಡ್‌ಬ್ಯಾಕ್ ಫಾರ್ಮ್ ನಿಮ್ಮಿಂದ ಹೋಗಿದೆಯಾ?” ಮೇಲ್ ನೋಡಿದ ರಿಕ್ರೂಟರ್ ಮೊದಲು ಚಾಟ್‌ನಲ್ಲಿ ವಿಚಾರಿಸುವುದು ಅವರನ್ನೇ. ಮ್ಯಾನೇಜರ್‌ಗೆ ವಿಷಯವೇ ಗೊತ್ತಿಲ್ಲದಿದ್ದರೆ ‘ಆಮೇಲೆ ನೋಡೋಣ’ ಎಂಬ ಉತ್ತರ ಹೋಗುತ್ತದೆ, ಅಲ್ಲಿಗೆ ಎರಡು ವಾರ ಕಳೆಯುತ್ತದೆ. ಫಾರ್ಮ್ ಇನ್ನೂ ಹೋಗಿರಲಿಲ್ಲ ಅನ್ನುವುದು ನನಗೆ ತಿಳಿದದ್ದೂ ಹೀಗೆ ಕೇಳಿದ್ದರಿಂದಲೇ.

ಸಬ್ಜೆಕ್ಟ್ ಸಾಲಿನಲ್ಲಿ ಹೆಸರು, ತಂಡ, ‘ಇಂಟರ್ನ್‌ಶಿಪ್ ಜುಲೈ 11ಕ್ಕೆ ಮುಕ್ತಾಯ, ಕನ್ವರ್ಶನ್ ಕುರಿತು’ ಎಂದಿಷ್ಟೇ. ಮೇಲ್ ಇಂಗ್ಲಿಷಿನಲ್ಲಿ ಹೋಯಿತು. ಕನ್ನಡದಲ್ಲಿ ಹೇಳುವುದಾದರೆ ಅದು ಹೀಗಿತ್ತು:

“ನಮಸ್ಕಾರ ಮೇಡಂ. ನಾನು ಪೇಮೆಂಟ್ಸ್ ಟೆಸ್ಟಿಂಗ್ ತಂಡದ ಇಂಟರ್ನ್, ಎಂಪ್ಲಾಯೀ ಐಡಿ ಕೆಳಗಿದೆ. ನನ್ನ ಅವಧಿ ಜುಲೈ 11ಕ್ಕೆ ಮುಗಿಯುತ್ತದೆ. ರೀಫಂಡ್ ಭಾಗದ 140 ಟೆಸ್ಟ್ ಕೇಸ್‌ಗಳನ್ನು ಆಟೊಮೇಟ್ ಮಾಡಿದ್ದೇನೆ, ಈಗ ಅವು ಪ್ರತಿ ರಾತ್ರಿ ತಾವಾಗಿಯೇ ಓಡುತ್ತವೆ. ಇದೇ ತಂಡದಲ್ಲಿ ಫುಲ್‌ಟೈಮ್ ಸೇರಲು ಇಷ್ಟವಿದೆ, ಮ್ಯಾನೇಜರ್ ಜೊತೆ ಮಾತಾಡಿದ್ದೇನೆ. ಎರಡು ವಿಷಯ ತಿಳಿಸಬಹುದೇ: ಈ ತಂಡಕ್ಕೆ ಹೆಡ್‌ಕೌಂಟ್ ಮಂಜೂರಾಗಿದೆಯೇ? ನಿರ್ಧಾರ ಸುಮಾರು ಯಾವ ದಿನಾಂಕದೊಳಗೆ ತಿಳಿಯುತ್ತದೆ? ನನ್ನ ಕೊನೆಯ ಪರೀಕ್ಷೆ ಜೂನ್‌ನಲ್ಲೇ ಮುಗಿಯುತ್ತದೆ, ಜುಲೈ 14ರಿಂದ ಸೇರಬಲ್ಲೆ. ಪ್ರೊವಿಷನಲ್ ಸರ್ಟಿಫಿಕೇಟ್ ಫಲಿತಾಂಶ ಬಂದ ಮೇಲೆ ಸಿಗುತ್ತದೆ.”

ಕೊನೆಯ ವಾಕ್ಯ ಬೇಕೇ ಬೇಕು. ಫಲಿತಾಂಶಕ್ಕೆ ಮೊದಲು ಸೇರುವವರ ಆಫರ್‌ನಲ್ಲಿ ‘ಇಷ್ಟು ದಿನದೊಳಗೆ ದಾಖಲೆ ಕೊಡಬೇಕು’ ಎಂಬ ಷರತ್ತು ಹಾಕುವುದುಂಟು. ಮುಚ್ಚಿಟ್ಟರೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ಸಿಕ್ಕಿಬೀಳುತ್ತೀರಿ. ಬ್ಯಾಕ್‌ಲಾಗ್ ಇದ್ದರೂ ಅಷ್ಟೇ, ಈಗಲೇ ಹೇಳಿಬಿಡಿ. ಕೆಲಸದ ಬಗ್ಗೆ ಒಂದೇ ವಾಕ್ಯ ಸಾಕು, ಆದರೆ ಅದು ಮ್ಯಾನೇಜರ್ ‘ಹೌದು’ ಅನ್ನಬಹುದಾದ ವಾಕ್ಯವಾಗಿರಬೇಕು. ‘ತುಂಬಾ ಕಲಿತೆ’ ಎಂಬುದನ್ನು ಯಾರೂ ಪರಿಶೀಲಿಸಲಾರರು.

ಮೊದಲ ಡ್ರಾಫ್ಟ್‌ನಲ್ಲಿ ಸಿಟಿಸಿ ಎಷ್ಟು ಎಂಬ ಪ್ರಶ್ನೆಯೂ ಇತ್ತು, ತೆಗೆದೆ. ಸೀಟೇ ಇದೆಯೋ ಇಲ್ಲವೋ ಗೊತ್ತಿಲ್ಲದಾಗ ಸಂಬಳ ಕೇಳಿದರೆ ಉಳಿದೆರಡು ಪ್ರಶ್ನೆಗೂ ಉತ್ತರ ಬರುವುದಿಲ್ಲ. ಕೈಯಲ್ಲಿ ಬೇರೆ ಆಫರ್ ನಿಜವಾಗಿ ಇದ್ದರೆ, ಉತ್ತರಿಸಬೇಕಾದ ಕೊನೆಯ ದಿನಾಂಕವನ್ನಷ್ಟೇ ಬರೆಯಿರಿ. ಇಲ್ಲದ ಆಫರ್ ತೋರಿಸಿ ಹೆದರಿಸಲು ಹೋಗಬೇಡಿ, ‘ಲೆಟರ್ ಕಳಿಸಿ’ ಎಂದರೆ ಕಥೆ ಮುಗಿಯಿತು. ಕ್ಯಾಂಪಸ್ ಮೂಲಕ ಬಂದವರು ಪ್ಲೇಸ್‌ಮೆಂಟ್ ಸೆಲ್‌ಗೂ ಹೇಳಿರಬೇಕು. ಹಲವು ಕಾಲೇಜುಗಳಲ್ಲಿ ಒಬ್ಬರಿಗೆ ಒಂದೇ ಆಫರ್ ಎಂಬ ನಿಯಮವಿದೆ.

ಏಳು ಕೆಲಸದ ದಿನ ಕಾದು, ಜೂನ್ 12ಕ್ಕೆ ಅದೇ ಥ್ರೆಡ್‌ನಲ್ಲಿ ಎರಡು ಸಾಲು ಹಾಕಿದೆ. ಹೊಸ ಮೇಲ್ ಶುರುಮಾಡಿದರೆ ಹಳೆಯ ವಿವರವನ್ನು ಅವರು ಹುಡುಕಬೇಕಾಗುತ್ತದೆ. ‘ಎನಿ ಅಪ್‌ಡೇಟ್?’ ಎನ್ನುವ ಬದಲು, ಫೀಡ್‌ಬ್ಯಾಕ್ ಫಾರ್ಮ್ ಜೂನ್ 9ಕ್ಕೆ ಸಲ್ಲಿಕೆಯಾಗಿದೆ, ಹೆಡ್‌ಕೌಂಟ್ ಏನಾಯಿತು ಎಂದು ಕೇಳಿದೆ. ಹೊಸ ಮಾಹಿತಿ ಇರುವ ನೆನಪೋಲೆಗೆ ಉತ್ತರ ಬೇಗ ಬರುತ್ತದೆ.

ಉತ್ತರವನ್ನು ಓದುವುದರಲ್ಲೂ ಸೂಕ್ಷ್ಮವಿದೆ. ‘ಫೀಡ್‌ಬ್ಯಾಕ್ ಚೆನ್ನಾಗಿದೆ, ಹೆಡ್‌ಕೌಂಟ್‌ಗೆ ಕಾಯುತ್ತಿದ್ದೇವೆ’ ಎಂದರೆ ತಡೆ ಬಜೆಟ್‌ನದು. ಆಗ ಬೇರೆ ತಂಡದಲ್ಲಿ ಸೀಟಿದೆಯೇ ಎಂದು ಕೇಳಬಹುದು. ‘ತಿಳಿಸುತ್ತೇವೆ’ ಎಂದಷ್ಟೇ ಇದ್ದು ದಿನಾಂಕ ಇಲ್ಲದಿದ್ದರೆ ಅದನ್ನು ಹೌದೆಂದು ಎಣಿಸದೆ ಬೇರೆ ಕಡೆ ಅರ್ಜಿ ಹಾಕುತ್ತಿರಿ. ‘ಇನ್ನು ಮೂರು ತಿಂಗಳು ಇಂಟರ್ನ್‌ಶಿಪ್ ಮುಂದುವರಿಸೋಣ’ ಎಂದರೆ ತಕ್ಷಣ ಒಪ್ಪಬೇಡಿ. ಸ್ಟೈಪೆಂಡ್ ಎಷ್ಟು, ಕನ್ವರ್ಶನ್ ನಿರ್ಧಾರ ಯಾವಾಗ ಎಂಬುದು ಮೇಲ್‌ನಲ್ಲೇ ಬರಲಿ. ಫೋನಿನಲ್ಲಿ ಹೇಳಿದರೆ, ಮಾತು ಮುಗಿದ ಮೇಲೆ ‘ನಾವು ಮಾತಾಡಿದ್ದು ಹೀಗೆ’ ಎಂದು ನೀವೇ ಬರೆದು ಕಳಿಸಿ.

ಇನ್ನೊಂದು ಸಣ್ಣ ವಿಷಯ. ಕಂಪನಿ ಮೇಲ್ ಐಡಿ ಕೊನೆಯ ದಿನ ಸಂಜೆಗೇ ಮುಚ್ಚಿಹೋಗಬಹುದು. ಅದಕ್ಕೇ ರಿಕ್ರೂಟರ್‌ಗೆ ಹಾಕಿದ ಮೇಲ್‌ನ ಕೊನೆಯಲ್ಲಿ ಸ್ವಂತ ಮೇಲ್ ಐಡಿ, ಫೋನ್ ನಂಬರ್ ಹಾಕಿದ್ದೆ. ನನ್ನ ಆಫರ್ ಬಂದದ್ದು ಜುಲೈ 15ಕ್ಕೆ, ಆ ಸ್ವಂತ ಐಡಿಗೆ.